ಕಣ್ಣು ಮುಚ್ಚಿದರೆ ‘ನಾನು’ ಮಾಯ

“ಡಾಕ್ಟ್ರೇ, ನನ್ನ ಮಗನಿಗೆ ಮೂರು ವರ್ಷ ನಾಲ್ಕು ತಿಂಗಳು. ಕಣ್ಣಾಮುಚ್ಚಾಲೆ ಆಡೋಣ ಅಂದರೆ ಹಾಲ್ ಮಧ್ಯದಲ್ಲೇ ನಿಂತು, ಎರಡೂ ಕೈಯಿಂದ ಕಣ್ಣು ಮುಚ್ಕೊಂಡು ‘ನಾನಿಲ್ಲ’ ಅಂತಾನೆ. ಮೊದಮೊದಲು ನಗ್ತಿದ್ವಿ. ಹೋದ ವಾರ ಸಕ್ಕರೆ ಡಬ್ಬಕ್ಕೆ ಕೈ ಹಾಕಿದ್ದನ್ನ ನೋಡಿ ‘ಏನೋ ಅದು’ ಅಂದೆ. ತಕ್ಷಣ ಕಣ್ಣು ಮುಚ್ಕೊಂಡ. ‘ಅಮ್ಮಂಗೆ ಕಾಣಲ್ಲ’ ಅಂದ. ಬಾಯಿ ತುಂಬ ಸಕ್ಕರೆ! ಇದು ಕಳ್ಳಬುದ್ಧಿ, ಈಗಲೇ ತಿದ್ದಬೇಕು ಅಂತ ನಮ್ಮತ್ತೆ ಹೇಳ್ತಾರೆ. ಯಜಮಾನರು ಯಾವುದೋ ವಿಡಿಯೊ ನೋಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡದಿದ್ದರೆ ಆಟಿಸಂ ಇರಬಹುದು ಅಂತಿದ್ದಾರೆ. ಮಾತು ಚೆನ್ನಾಗಿ ಆಡ್ತಾನೆ, ಹೆಸರು ಕರೆದರೆ ತಿರುಗ್ತಾನೆ. ಅವನಿಗೆ ನಿಜವಾಗಿಯೂ ಹಾಗೆ ಅನಿಸುತ್ತಾ? ಬುದ್ಧಿ ಏನಾದರೂ ಕಡಿಮೆಯಾ? ತಿದ್ದಬೇಕಾ, ಬಿಡಬೇಕಾ?”
— ಒಬ್ಬ ತಾಯಿ, ದಾವಣಗೆರೆ

ಇವತ್ತು ಸಂಜೆ ಒಂದು ಕೆಲಸ ಮಾಡಿ. ಮಗನ ಹೊಟ್ಟೆ ತುಂಬಿ, ಅವನು ಖುಷಿಯಾಗಿದ್ದಾಗ ಎದುರಿಗೆ ನೆಲದ ಮೇಲೆ ಕೂತ್ಕೊಳ್ಳಿ. ಐದು ನಿಮಿಷ ಸಾಕು. ಅವನಿಗೆ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಳ್ಳೋಕೆ ಹೇಳಿ. ಆಮೇಲೆ ನಿಧಾನವಾಗಿ, ನಗದೆ, ಒಂದೊಂದಾಗಿ ಕೇಳಿ. “ಅಮ್ಮಂಗೆ ನೀನು ಕಾಣ್ತೀಯಾ?” ಉತ್ತರ ಬಂದ ಮೇಲೆ, “ಅಮ್ಮಂಗೆ ನಿನ್ನ ಕಾಲು ಕಾಣುತ್ತಾ?” ಅದಾದ ಮೇಲೆ, “ನಿನ್ನ ಹೊಟ್ಟೆ ಕಾಣುತ್ತಾ?” ಕೊನೆಗೆ ಅವನು ಕಣ್ಣು ಬಿಡಲಿ, ನೀವು ನಿಮ್ಮ ಕಣ್ಣು ಮುಚ್ಚಿಕೊಳ್ಳಿ. “ಈಗ ನಿಂಗೆ ಅಮ್ಮ ಕಾಣ್ತಾಳಾ?” ಅಂತ ಕೇಳಿ.

ಕೇಳುವ ರೀತಿಯಲ್ಲಿ ಸ್ವಲ್ಪ ಹುಷಾರಾಗಿರಬೇಕು. ನಮ್ಮ ಭಾಷೆಯಲ್ಲೇ ಒಂದು ತೊಡಕಿದೆ. ಸುಮ್ನೆ “ಕಾಣ್ತಾ ಇದ್ಯಾ?” ಅಂತ ಕೇಳಿದರೆ ಯಾರು ಯಾರಿಗೆ ಕಾಣಬೇಕು ಅನ್ನುವುದು ಆ ಮಾತಿನಲ್ಲಿ ಇರುವುದಿಲ್ಲ. ಕಣ್ಣು ಮುಚ್ಚಿದ ಮಗು “ಇಲ್ಲ” ಅಂದರೆ ಅದು ಅಪ್ಪಟ ಸತ್ಯ, ಅದಕ್ಕೆ ನಿಜಕ್ಕೂ ಏನೂ ಕಾಣ್ತಿಲ್ಲ. “ನಂಗೆ ಕಣ್ಣು ಕಾಣಲ್ಲ ಕಣಮ್ಮ” ಅಂತ ಅಜ್ಜಿ ಹೇಳುವುದನ್ನು ಅದು ದಿನಾ ಕೇಳಿದೆ. ನೋಡುವುದಕ್ಕೂ ಕಾಣಿಸಿಕೊಳ್ಳುವುದಕ್ಕೂ ನಾವು ಒಂದೇ ಮಾತು ಬಳಸುತ್ತೇವೆ. ಆದ್ದರಿಂದ ‘ಅಮ್ಮಂಗೆ’, ‘ನಿಂಗೆ’ ಅನ್ನುವುದನ್ನು ಒತ್ತಿ ಹೇಳಿ. ಹಾಗೆ ಬಿಡಿಸಿ ಕೇಳಿದರೂ ಬಹಳಷ್ಟು ಮಕ್ಕಳು ತಮ್ಮ ಉತ್ತರ ಬದಲಿಸುವುದಿಲ್ಲ. ಅಂದರೆ ಇದು ಬರೀ ಮಾತಿನ ಗೊಂದಲವಲ್ಲ.

ನನ್ನ ಕ್ಲಿನಿಕ್‌ಗೆ ಅಣ್ಣನ ಜೊತೆ ಬಂದಿದ್ದ ಒಂದು ಪುಟ್ಟಿಯ ಕಥೆ ಹೇಳುತ್ತೇನೆ. ಮೂರೂವರೆ ವರ್ಷ. ಅಣ್ಣನನ್ನು ಪರೀಕ್ಷೆ ಮಾಡುತ್ತಿದ್ದಾಗ ಅವಳು ನನ್ನ ಮೇಜಿನ ಮೇಲಿದ್ದ ಸ್ಟಾಂಪ್ ಪ್ಯಾಡ್ ತೆಗೆದಳು. ನಾನು ನೋಡಿದೆ. ಅವಳು ಎರಡೂ ಕೈ ಕಣ್ಣಿನ ಮೇಲೆ ಇಟ್ಟುಕೊಂಡಳು. ಕೆನ್ನೆಗೆಲ್ಲ ನೀಲಿ ಇಂಕು.

“ನಂಗೆ ನೀನು ಕಾಣ್ತೀಯಾ?”

“ಇಲ್ಲ.”

“ನಿನ್ನ ಕೈ?”

“ಕಾಣುತ್ತೆ.”

“ಲಂಗ?”

“ಕಾಣುತ್ತೆ.” ಸ್ವಲ್ಪ ಬೇಜಾರಿನಿಂದಲೇ ಹೇಳಿದಳು, ಇದೂ ಒಂದು ಪ್ರಶ್ನೆನಾ ಅನ್ನುವ ಹಾಗೆ.

“ಹಾಗಾದ್ರೆ ನೀನು?”

“ನಾನು ಕಾಣಲ್ಲ.”

ಆಮೇಲೆ ನಾನು ಕಣ್ಣು ಮುಚ್ಚಿಕೊಂಡು ಕೇಳಿದೆ, “ಈಗ ನಿಂಗೆ ನಾನು ಕಾಣ್ತೀನಾ?” ಅವಳು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಳಂತೆ, ಅವಳ ಅಮ್ಮ ಆಮೇಲೆ ಹೇಳಿದರು. ನೋಡುತ್ತಲೇ “ಇಲ್ಲ, ನೀವೂ ಕಾಣಲ್ಲ” ಅಂದಳು.

ಈ ಕೊನೆಯ ಉತ್ತರವೇ ಇಡೀ ವಿಷಯದ ಕೀಲಿ. ನಿಮ್ಮ ಮಗನೂ ಹೀಗೇ ಹೇಳುವ ಸಾಧ್ಯತೆ ಜಾಸ್ತಿ.

ನಾವು ಓದುವಾಗ ಕಲಿತ ವಿವರಣೆ ಬೇರೆ ಇತ್ತು. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ, ಪುಟ್ಟ ಮಕ್ಕಳಿಗೆ ತಮ್ಮ ನೋಟ ಬಿಟ್ಟು ಇನ್ನೊಬ್ಬರ ನೋಟ ಊಹಿಸಲು ಬರುವುದಿಲ್ಲ ಅಂತ ಹೇಳಿದ್ದರು. ‘ನನಗೆ ಕತ್ತಲೆ, ಅಂದರೆ ಎಲ್ಲರಿಗೂ ಕತ್ತಲೆ’ ಎಂದು ಮಗು ಲೆಕ್ಕ ಹಾಕುತ್ತದೆ ಅನ್ನುವುದು ಅದರ ಸಾರ. ಕೇಳಲು ಸರಿಯಾಗಿಯೇ ಇದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಗಾದೆಯೂ ಅದನ್ನೇ ಹೇಳುತ್ತದೆ, ಅಲ್ವಾ? ನಾನೂ ವರ್ಷಗಟ್ಟಲೆ ತಂದೆ ತಾಯಂದಿರಿಗೆ ಇದನ್ನೇ ಹೇಳಿದ್ದೇನೆ. ಈಗ ಹಾಗೆ ಹೇಳುವುದಿಲ್ಲ.

ಯಾಕೆಂದರೆ ಆ ಪುಟ್ಟಿಯ ಕಣ್ಣು ಬಿಟ್ಟೇ ಇತ್ತು. ಅವಳ ಪಾಲಿಗೆ ಕತ್ತಲೆ ಇರಲಿಲ್ಲ, ನಾನು ಎದುರಿಗೇ ಕಾಣುತ್ತಿದ್ದೆ. ತನ್ನ ನೋಟವನ್ನೇ ಎಲ್ಲರ ಮೇಲೂ ಹೇರುವ ಮಗುವಾಗಿದ್ದರೆ “ಕಾಣ್ತೀರಿ” ಅನ್ನಬೇಕಿತ್ತು. ಅವಳು ಅನ್ನಲಿಲ್ಲ.

ಇನ್ನೂ ಒಂದು ಕಾರಣವಿದೆ. ಅಮೆರಿಕದ ಜಾನ್ ಫ್ಲೇವೆಲ್ ಮತ್ತು ಜೊತೆಗಾರರು 1970ರ ದಶಕದಲ್ಲಿ ಮಾಡಿದ ಪ್ರಯೋಗಗಳಲ್ಲಿ ಮಗುವಿನ ಕೈಗೆ ಒಂದು ಚಿತ್ರ ಕೊಟ್ಟು ದೊಡ್ಡವರಿಗೆ ತೋರಿಸು ಅನ್ನುತ್ತಿದ್ದರು. ದೊಡ್ಡವರು ಕೈಯಿಂದ ಕಣ್ಣು ಮುಚ್ಚಿಕೊಂಡು ಕೂತಿದ್ದರೆ, ಎರಡು ವರ್ಷದ ಆಸುಪಾಸಿನ ಮಕ್ಕಳು ಮೊದಲು ಆ ಕೈ ಸರಿಸಲು ನೋಡುತ್ತಿದ್ದರು. ಅಂದರೆ ಕಣ್ಣು ಮುಚ್ಚಿದವರಿಗೆ ಕಾಣುವುದಿಲ್ಲ, ನೋಡಲು ಕಣ್ಣು ಬೇಕು ಅನ್ನುವುದು ಎರಡು ವರ್ಷಕ್ಕೇ ಗೊತ್ತು. ನಿಮ್ಮ ಮಗನಿಗೂ ಗೊತ್ತು. ನೀವು ಕಣ್ಣು ಮುಚ್ಚಿ ಮಲಗಿದ್ದಾಗ ಅವನು ಬಂದು ನಿಮ್ಮ ರೆಪ್ಪೆ ಬಿಡಿಸಿ ‘ಇದ್ ನೋಡು’ ಅಂದಿರಲೇಬೇಕು.

ಹಾಗಾದರೆ ಅವನ ತಲೆಯಲ್ಲಿ ಏನು ನಡೆಯುತ್ತಿದೆ?

ಫ್ಲೇವೆಲ್ ತಂಡವೇ 1980ರಲ್ಲಿ ಕಣ್ಣು ಮುಚ್ಚಿದ ಮಕ್ಕಳನ್ನು ಕೇಳಿತು. ‘ನಾನು ನಿನ್ನನ್ನು ನೋಡುತ್ತಿದ್ದೇನಾ’ ಅಂದರೆ ಪುಟ್ಟ ಮಕ್ಕಳು ‘ಇಲ್ಲ’ ಅಂದರು. ‘ನಿನ್ನ ತೋಳು ನೋಡುತ್ತಿದ್ದೇನಾ’ ಅಂದರೆ ‘ಹೌದು’ ಅಂದರು. ನೀವು ಸಂಜೆ ಮಾಡುವ ಆಟ ಅದೇ. ಮಗುವಿಗೆ ತನ್ನ ಕೈ, ಕಾಲು, ಹೊಟ್ಟೆ ಎಲ್ಲ ಕಾಣುತ್ತವೆ ಅನ್ನುವುದು ಚೆನ್ನಾಗಿ ಗೊತ್ತು. ಮೈ ಮಾಯವಾಯಿತು ಅಂತ ಅದು ಅಂದುಕೊಂಡಿಲ್ಲ. ಮಾಯವಾಗಿರುವುದು ‘ನಾನು’. ಆ ‘ನಾನು’ ಇರುವ ಜಾಗ ಕಣ್ಣು.

2012ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಜೇಮ್ಸ್ ರಸೆಲ್ ಮತ್ತು ಇಬ್ಬರು ಸಹೋದ್ಯೋಗಿಗಳು ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರು. ಅವರ ಪ್ರಶ್ನೆ ಜಾಣತನದ್ದು. ಮಗು ಅಡಗಿದೆ ಅಂದುಕೊಳ್ಳುವುದು ತನಗೆ ಏನೂ ಕಾಣದಿರುವುದಕ್ಕಾ, ಅಥವಾ ತನ್ನ ಕಣ್ಣು ಬೇರೆಯವರಿಗೆ ಕಾಣದಿರುವುದಕ್ಕಾ? ಕೈ ಮುಚ್ಚಿದರೆ ಎರಡೂ ಒಟ್ಟಿಗೇ ಆಗುತ್ತವೆ, ಬೇರೆ ಮಾಡಲು ಬರುವುದಿಲ್ಲ. ಅದಕ್ಕೆ ಅವರು ಮೂರು ನಾಲ್ಕು ವರ್ಷದ ಮಕ್ಕಳಿಗೆ ಕನ್ನಡಿಯಂಥ ಕನ್ನಡಕ ಹಾಕಿದರು. ಒಳಗಿನಿಂದ ಹೊರಗೆ ಕಾಣುತ್ತದೆ, ಹೊರಗಿನವರಿಗೆ ಮಗುವಿನ ಕಣ್ಣು ಕಾಣುವುದಿಲ್ಲ. ಪೊಲೀಸರ ಹೊಳೆಯುವ ಕೂಲಿಂಗ್ ಗ್ಲಾಸ್ ನೆನಪಿಸಿಕೊಳ್ಳಿ.

ಈ ಪ್ರಯೋಗ ಅಂದುಕೊಂಡಷ್ಟು ಸಲೀಸಾಗಲಿಲ್ಲ. ‘ನನಗೆ ಹೊರಗೆ ಕಾಣುತ್ತೆ, ಆದರೆ ನನ್ನ ಕಣ್ಣು ಅವರಿಗೆ ಕಾಣಲ್ಲ’ ಅನ್ನುವುದನ್ನೇ ಹೆಚ್ಚಿನ ಮಕ್ಕಳು ಅರ್ಥ ಮಾಡಿಕೊಳ್ಳಲಿಲ್ಲ. 37 ಮಕ್ಕಳಲ್ಲಿ ಅದು ತಲೆಗೆ ಹೋಗಿದ್ದು 7 ಮಕ್ಕಳಿಗೆ ಮಾತ್ರ. ಆ 7ರಲ್ಲಿ 6 ಮಕ್ಕಳು, ತಮಗೆ ಎದುರಿನವರು ಚೆನ್ನಾಗಿ ಕಾಣುತ್ತಿದ್ದರೂ, ‘ನಾನು ಅವರಿಗೆ ಕಾಣಲ್ಲ’ ಅಂದರು. ಏಳೇ ಮಕ್ಕಳ ಉತ್ತರ ನಂಬಿ ದೊಡ್ಡ ಕಟ್ಟಡ ಕಟ್ಟಬಾರದು, ಅದು ನಿಜ. ಆದರೆ ಅದೇ ತಂಡ ಇನ್ನೊಂದು ಪರೀಕ್ಷೆ ಮಾಡಿತು. ಈ ಸಲ ಮುಸುಕಿಲ್ಲ, ಕನ್ನಡಕವಿಲ್ಲ. ದೊಡ್ಡವರು ಮಗುವಿನ ಮುಖವನ್ನೇ ನೋಡುತ್ತಾರೆ, ಮಗು ಬೇರೆ ಕಡೆ ನೋಡಬೇಕು. ಆಗಲೂ ಬಹಳ ಮಕ್ಕಳು ‘ನನ್ನನ್ನು ನೋಡ್ತಿಲ್ಲ’ ಅಂದರು. ಕಣ್ಣು ತೆರೆದಿದೆ, ಮುಖ ತೆರೆದಿದೆ. ಕಣ್ಣಿಗೆ ಕಣ್ಣು ಸೇರಿಲ್ಲ, ಅಷ್ಟೇ.

ಹಾಗಾಗಿ ನಿಮ್ಮ ಮಗನ ನಿಘಂಟಿನಲ್ಲಿ ‘ನನ್ನನ್ನು ನೋಡುವುದು’ ಅಂದರೆ ಇಬ್ಬರು ಸೇರಿ ಮಾಡುವ ಕೆಲಸ. ಕೈ ಕುಲುಕುವ ಹಾಗೆ. ಒಬ್ಬರು ಕೈ ಹಿಂದೆ ತೆಗೆದುಕೊಂಡರೆ ಕೈ ಕುಲುಕುವುದು ಆಗುವುದಿಲ್ಲ. ಅವನು ಕಣ್ಣು ಮುಚ್ಚಿಕೊಂಡಾಗ ತನ್ನ ಪಾಲಿನ ಕೈಯನ್ನು ಹಿಂದೆ ತೆಗೆದುಕೊಂಡಿದ್ದಾನೆ. ನೀವು ನಿಮ್ಮ ಕಣ್ಣು ಮುಚ್ಚಿದಾಗಲೂ ಅದೇ ಕಥೆ, ನೋಟ ಸೇರಲಿಲ್ಲ.

ಇದು ಕಣ್ಣಿಗಷ್ಟೇ ಸೀಮಿತವಲ್ಲ. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೆನ್ರಿಕೆ ಮೊಲ್ ಮತ್ತು ಸಹೋದ್ಯೋಗಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಗುವಿನ ಎದುರು ದೊಡ್ಡವರೊಬ್ಬರು ಕೂತು ಒಮ್ಮೆ ಕಣ್ಣು, ಒಮ್ಮೆ ಕಿವಿ, ಒಮ್ಮೆ ಬಾಯಿ ಮುಚ್ಚಿಕೊಳ್ಳುತ್ತಾರೆ. ಕಿವಿ ಮುಚ್ಚಿಕೊಂಡಾಗ ‘ಅವರ ಮಾತು ನಿನಗೆ ಕೇಳುತ್ತಾ’ ಅಂದರೆ ಹೆಚ್ಚಿನ ಮಕ್ಕಳು ‘ಇಲ್ಲ’ ಅಂದರು. ಬಾಯಿ ಮುಚ್ಚಿಕೊಂಡಾಗ ‘ನೀನು ಅವರ ಹತ್ತಿರ ಮಾತಾಡಬಹುದಾ’ ಅಂದರೆ ಅದಕ್ಕೂ ‘ಇಲ್ಲ’. ‘ನನಗೆ ಅವರು ಕಾಣ್ತಾರೆ, ಅವರಿಗೆ ನಾನು ಕಾಣಲ್ಲ’ ಅನ್ನುವ ಮಾತನ್ನೇ ಬಹಳ ಮಕ್ಕಳು ಒಪ್ಪಲಿಲ್ಲ. ಒಂದು ಕಡೆಯಿಂದ ಮಾತ್ರ ನಡೆಯುವ ನೋಟ, ಒಂದು ಕಡೆಯಿಂದ ಮಾತ್ರ ನಡೆಯುವ ಮಾತು ಅನ್ನುವುದು ಆ ವಯಸ್ಸಿಗೆ ಇನ್ನೂ ದಕ್ಕಿರುವುದಿಲ್ಲ.

ದಕ್ಕದಿರುವುದಕ್ಕೆ ಕಾರಣವೂ ಇದೆ. ಮಗು ಹುಟ್ಟಿ ಎರಡು ಮೂರು ದಿನಕ್ಕೇ, ಬೇರೆ ಕಡೆ ನೋಡುವ ಮುಖಕ್ಕಿಂತ ತನ್ನನ್ನೇ ನೋಡುವ ಮುಖವನ್ನು ಜಾಸ್ತಿ ಹೊತ್ತು ನೋಡುತ್ತದೆ. ಹಾಲು ಕುಡಿಸುವಾಗ, ಎಣ್ಣೆ ಹಚ್ಚುವಾಗ, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವಾಗ ಅದಕ್ಕೆ ಸಿಕ್ಕಿದ್ದೆಲ್ಲ ಎದುರಾಬದುರು ನೋಟ. ಸೆರಗಿನಿಂದ ಮುಖ ಮುಚ್ಚಿ ತೆಗೆಯುವ ಆಟದಲ್ಲಿ ನಾವೇ ಹೇಳಿಕೊಟ್ಟಿದ್ದೇನು? ಕಣ್ಣು ಮುಚ್ಚಿದರೆ ‘ಅಮ್ಮ ಇಲ್ಲ’, ಕಣ್ಣು ತೆಗೆದರೆ ‘ಅಮ್ಮ ಬಂದ್ಳು’! ಮೂರು ವರ್ಷ ಹೀಗೆ ಆಡಿಸಿ, ಈಗ ಅದು ಪಾಠ ಒಪ್ಪಿಸಿದರೆ ನಾವು ಗಾಬರಿಯಾಗುತ್ತೇವೆ. ಆ ಆಟ ಆಡಿಸಿದ್ದರಿಂದಲೇ ಹೀಗಾಯಿತು ಅಂತ ನಾನು ಹೇಳುತ್ತಿಲ್ಲ. ಮಗು ಹೊರಟಿರುವ ದಾರಿ ಯಾವುದು ಅಂತ ತೋರಿಸಿದೆ, ಅಷ್ಟೇ.

ಬುದ್ಧಿ ಕಡಿಮೆಯಾ ಅಂತ ಕೇಳಿದ್ದೀರಿ. ಅಲ್ಲ. ಚುರುಕಾದ ಮಕ್ಕಳೂ ಮೂರರಲ್ಲಿ ಹೀಗೇ ಮಾಡುತ್ತವೆ. ಮಾತು ಚೆನ್ನಾಗಿ ಬಂದ ಮಗುವಿನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ, ಯಾಕೆಂದರೆ ಅದು ‘ನಾನಿಲ್ಲ’ ಅಂತ ಬಾಯಿಬಿಟ್ಟು ಹೇಳುತ್ತದೆ.

ಇನ್ನು ಸಕ್ಕರೆ ಡಬ್ಬದ ವಿಚಾರ. ನಿಮ್ಮ ಅತ್ತೆಯವರಿಗೆ ಇದನ್ನು ನೀವು ಹೇಳುವುದಕ್ಕಿಂತ ಓದಿ ತೋರಿಸುವುದು ಒಳ್ಳೆಯದು. ಒಬ್ಬರಿಗೆ ಮೋಸ ಮಾಡಬೇಕಾದರೆ ಅವರಿಗೆ ಏನು ಕಂಡಿದೆ, ಏನು ಕಂಡಿಲ್ಲ, ಅವರ ತಲೆಯಲ್ಲಿ ಏನಿದೆ ಅನ್ನುವ ಲೆಕ್ಕ ಬೇಕು. ನಿಮ್ಮ ಮಗನಿಗೆ ಆ ಲೆಕ್ಕ ಬಂದಿದ್ದರೆ ಅವನು ಡಬ್ಬವನ್ನು ಬೆನ್ನ ಹಿಂದೆ ಇಡುತ್ತಿದ್ದ, ಬಾಯಿ ಒರೆಸಿಕೊಳ್ಳುತ್ತಿದ್ದ, ಅಥವಾ ನೀವು ಸ್ನಾನಕ್ಕೆ ಹೋಗುವವರೆಗೆ ಕಾಯುತ್ತಿದ್ದ. ಇದ್ಯಾವುದನ್ನೂ ಮಾಡದೆ, ಸಕ್ಕರೆ ಮೆತ್ತಿದ ಕೈಯನ್ನೇ ಕಣ್ಣಿಗೆ ಇಟ್ಟುಕೊಂಡಿದ್ದಾನೆ. ಕಳ್ಳತನಕ್ಕೆ ಬೇಕಾದ ಜಾಣತನ ಇನ್ನೂ ಬಂದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಆದರೆ ಅಲ್ಲಿ ಬರೀ ಆಟವೂ ನಡೆದಿಲ್ಲ. ನಿಮ್ಮ ‘ಏನೋ ಅದು’ ಅನ್ನುವ ದನಿ ಅವನಿಗೆ ತಾಗಿದೆ. ತಪ್ಪು ಮಾಡಿದೆ ಅನ್ನುವುದು ಗೊತ್ತಾಗಿದೆ. ನಿಮ್ಮ ನೋಟ ತಡೆಯಲಾರದೆ ಅದನ್ನು ಕಡಿದುಕೊಂಡಿದ್ದಾನೆ. ನಾವು ದೊಡ್ಡವರೂ ನಾಚಿಕೆಯಾದಾಗ ಮುಖ ಮುಚ್ಚಿಕೊಳ್ಳುತ್ತೇವೆ, ತಲೆ ತಗ್ಗಿಸುತ್ತೇವೆ. ನಾವು ಕಾಣುತ್ತಿದ್ದೇವೆ ಅನ್ನುವುದು ನಮಗೆ ಗೊತ್ತಿರುತ್ತದೆ, ಅವನಿಗೆ ಗೊತ್ತಿಲ್ಲ. ಇರುವ ವ್ಯತ್ಯಾಸ ಅದೊಂದೇ.

ಯಜಮಾನರ ಭಯಕ್ಕೆ ಬರೋಣ. ಪತ್ರ ಓದಿ ಆಟಿಸಂ ಇದೆ ಅಂತಲೋ ಇಲ್ಲ ಅಂತಲೋ ಯಾವ ವೈದ್ಯರೂ ಹೇಳಬಾರದು, ನಾನೂ ಹೇಳುವುದಿಲ್ಲ. ಆದರೆ ಕೈಯಿಂದ ಕಣ್ಣು ಮುಚ್ಚಿ ‘ನಾನಿಲ್ಲ’ ಅನ್ನುವುದು ಆಟಿಸಂ ಲಕ್ಷಣವಲ್ಲ. ಗಮನಿಸಿ ನೋಡಿ, ಹಾಗೆ ಹೇಳಿದ ಮೇಲೆ ಅವನು ಏನು ಮಾಡುತ್ತಾನೆ? ಬೆರಳ ಸಂದಿಯಿಂದ ಇಣುಕುತ್ತಾನಾ? ನೀವು ‘ಎಲ್ಲೋದ ನನ್ನ ಕಂದ’ ಅನ್ನಲಿ ಅಂತ ಕಾಯುತ್ತಾನಾ? ಅಂದಾಗ ಕಿಲಕಿಲ ನಗುತ್ತಾನಾ? ಅದು ಇನ್ನೊಬ್ಬರು ಬೇಕೇ ಬೇಕಾದ ಆಟ. ನಾನು ಕ್ಲಿನಿಕ್‌ನಲ್ಲಿ ಹುಡುಕುವುದು ಬೇರೆ ಸಂಗತಿಗಳನ್ನು. ಆಕಾಶದಲ್ಲಿ ವಿಮಾನ ಹೋದರೆ ಬೆರಳು ತೋರಿಸಿ, ತಿರುಗಿ ನಿಮ್ಮ ಮುಖ ನೋಡಿ ‘ನೀನೂ ನೋಡಿದೆಯಾ’ ಅಂತ ಖಾತ್ರಿ ಮಾಡಿಕೊಳ್ಳುತ್ತಾನಾ? ಖಾಲಿ ಲೋಟದಲ್ಲಿ ಸುಳ್ಳುಸುಳ್ಳೇ ಕಾಫಿ ತಂದು ಕೊಡುತ್ತಾನಾ? ಬಂದಿದ್ದ ಮಾತು ನಿಂತುಹೋಗಿದೆಯಾ? ಇವುಗಳಲ್ಲಿ ಅನುಮಾನ ಇದ್ದರೆ, ಕಣ್ಣು ಮುಚ್ಚುವ ಆಟ ಇರಲಿ ಇಲ್ಲದಿರಲಿ, ಮಕ್ಕಳ ಬೆಳವಣಿಗೆ ನೋಡುವ ವೈದ್ಯರಿಗೆ ತೋರಿಸಿ. ಹೆಸರು ಕರೆದರೆ ತಿರುಗುತ್ತಾನೆ, ಮಾತು ಚೆನ್ನಾಗಿದೆ ಅಂತ ನೀವು ಬರೆದಿರುವುದು ಸಮಾಧಾನದ ವಿಷಯವೇ.

ನಾನು ನಿಜಕ್ಕೂ ಎಚ್ಚರಿಸುವುದು ಇನ್ನೊಂದು ಕಡೆ, ಅದನ್ನು ಯಾರೂ ಕೇಳುವುದಿಲ್ಲ. ಕೈ ಕಣ್ಣಿನ ಮೇಲೆ ಹೇಗೆ ಕೂತಿದೆ ನೋಡಿ. ಆಟದಲ್ಲಿ ಮಗು ಅಂಗೈ ಅಗಲಿಸಿ ಸುಮ್ನೆ ಮುಚ್ಚುತ್ತದೆ, ಯಾರಾದರೂ ಎದುರಿಗಿದ್ದಾಗ ಮುಚ್ಚುತ್ತದೆ. ಒಂಟಿಯಾಗಿ ಕೂತು, ಬೆರಳ ಗೆಣ್ಣಿನಿಂದಲೋ ಮುಷ್ಟಿಯಿಂದಲೋ ಕಣ್ಣುಗುಡ್ಡೆಯನ್ನು ಬಲವಾಗಿ, ತುಂಬ ಹೊತ್ತು ಒತ್ತಿಕೊಳ್ಳುವ ಮಗು ಬೇರೆ. ಹಾಗೆ ಮಾಡುವ ಮಗುವಿಗೆ ದೃಷ್ಟಿ ತುಂಬ ಕಡಿಮೆ ಇರಬಹುದು. ಒತ್ತಿದಾಗ ಒಳಗೆ ಕಾಣುವ ಬೆಳಕಿನ ಚುಕ್ಕೆಗಳಿಗಾಗಿ ಒತ್ತುತ್ತದೆ. ಹಿಂದೆ ಒಂದು ಕೂಸನ್ನು ‘ನಿದ್ದೆ ಬಂದಾಗ ಕಣ್ಣು ಉಜ್ಜುತ್ತೆ’ ಅಂತ ಮನೆಯವರು ಹೇಳಿದ್ದನ್ನು ನಾನು ಮೊದಲ ಸಲ ಹಾಗೇ ಒಪ್ಪಿಕೊಂಡುಬಿಟ್ಟಿದ್ದೆ. ಎರಡನೇ ಭೇಟಿಯಲ್ಲಿ, ನಿದ್ದೆ ಮುಗಿಸಿ ಎದ್ದ ಮೇಲೂ ಅದು ಕಣ್ಣು ಒತ್ತುತ್ತಿರುವುದನ್ನು ನೋಡಿ ಕಣ್ಣಿನ ವೈದ್ಯರ ಹತ್ತಿರ ಕಳಿಸಿದೆ. ತೊಂದರೆ ರೆಟಿನಾದಲ್ಲಿತ್ತು. ಹಾಗೆಯೇ ಬಿಸಿಲಿಗೆ ಬಂದರೆ ಒಂದೇ ಕಣ್ಣು ಮುಚ್ಚುವ ಮಗುವಿಗೆ ಮಾಲುಗಣ್ಣು ಇರಬಹುದು. ಫೋಟೋದಲ್ಲಿ ಒಂದು ಕಣ್ಣಿನ ಪಾಪೆ ಬೆಳ್ಳಗೆ ಹೊಳೆದರೆ ಅದೇ ವಾರ ತೋರಿಸಬೇಕು, ಮುಂದೂಡಬಾರದು. ಇವಕ್ಕೂ ನಿಮ್ಮ ಮಗನ ಆಟಕ್ಕೂ ಸಂಬಂಧವಿಲ್ಲ. ಆದರೆ ‘ಮಕ್ಕಳು ಕಣ್ಣು ಮುಚ್ಕೊಳ್ಳೋದು ಸಹಜ’ ಅನ್ನುವ ಮಾತಿನ ಅಡಿಯಲ್ಲಿ ಇವು ಅಡಗಿಬಿಡುತ್ತವೆ.

ತಿದ್ದಬೇಕಾ ಬಿಡಬೇಕಾ? ಬಿಟ್ಟರೆ ತಾನಾಗಿ ಹೋಗುತ್ತದೆ. ನಾಲ್ಕು ದಾಟಿ ಐದರ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ಇದು ಇರುವುದಿಲ್ಲ. ಅಲ್ಲಿಯವರೆಗೆ ನೀವೂ ‘ಅಯ್ಯೋ ಎಲ್ಲೋದ’ ಅಂತ ಹುಡುಕುವ ನಾಟಕ ಮಾಡಿದರೆ ಸುಳ್ಳು ಕಲಿಸಿದ ಹಾಗಾಗುತ್ತದೆಯೇ ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಧಾರಾಳವಾಗಿ ಆಡಿ.

ತಿಳಿಹೇಳಬೇಕು ಅನಿಸಿದರೂ ಅಡ್ಡಿಯಿಲ್ಲ, ಆದರೆ ವಾದದಿಂದ ಆಗದು. ಒಬ್ಬ ಅಪ್ಪ ಮಗಳು ಕಣ್ಣು ಮುಚ್ಚಿದ್ದಾಗ ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದರಂತೆ. ‘ಇದು ಯಾರು?’ ‘ನಾನು.’ ‘ಮತ್ತೆ ಕಾಣ್ತಿದ್ದೀಯಲ್ಲ?’ ‘ಫೋಟೋಗೆ ಕಾಣ್ತೀನಿ, ಅಪ್ಪಂಗೆ ಕಾಣಲ್ಲ.’ ಇದಕ್ಕೆ ಏನು ಹೇಳುತ್ತೀರಿ? ನಾಲ್ಕು ಜನರ ಮುಂದೆ ಇದನ್ನೇ ಮತ್ತೆ ಮತ್ತೆ ಮಾಡಿಸಿ, ವಿಡಿಯೊ ತೆಗೆದು ನಗುವುದು ಮಾತ್ರ ಬೇಡ. ಯಾಕೆ ನಗುತ್ತಾರೆ ಅಂತ ಅವನಿಗೆ ತಿಳಿಯುವುದಿಲ್ಲ, ತನ್ನನ್ನು ನೋಡಿ ನಗುತ್ತಾರೆ ಅನ್ನುವುದು ತಿಳಿಯುತ್ತದೆ.

ಕೆಲಸಕ್ಕೆ ಬರುವ ದಾರಿ ಗೊಂಬೆಯದು. ತನ್ನನ್ನು ಬಚ್ಚಿಡಲು ಬಾರದ ಮಗುವಿಗೆ ಇನ್ನೊಂದು ವಸ್ತುವನ್ನು ಬಚ್ಚಿಡಲು ಬೇಗ ಬರುತ್ತದೆ. ಅವನ ಆನೆ ಗೊಂಬೆ ಕೊಟ್ಟು, ‘ಅಪ್ಪಂಗೆ ಕಾಣದ ಹಾಗೆ ಇದನ್ನ ಬಚ್ಚಿಡು’ ಅನ್ನಿ. ದಿಂಬಿನ ಹಿಂದೆ ಇಡುತ್ತಾನೆ. ಅವನನ್ನು ಅಪ್ಪ ಕೂತ ಜಾಗಕ್ಕೆ ಕರೆದುಕೊಂಡು ಹೋಗಿ, ಅಲ್ಲಿಂದ ನೋಡಿಸಿ. ಸೊಂಡಿಲು ಕಾಣ್ತಿದೆಯಾ? ಕಂಡರೆ ಅವನೇ ಹೋಗಿ ಒಳಗೆ ತಳ್ಳುತ್ತಾನೆ. ಇದನ್ನು ನಾಲ್ಕು ದಿನ ಆಡಿದ ಮೇಲೆ ‘ಈಗ ಆನೆ ಥರ ನೀನೂ ಬಚ್ಚಿಟ್ಕೋ’ ಅನ್ನಿ. ಬಾಗಿಲ ಪರದೆಯ ಹಿಂದೆ ನಿಲ್ಲುತ್ತಾನೆ, ಪಾದ ಹೊರಗೆ ಇರುತ್ತದೆ. ನೀವು ‘ಎಲ್ಲಿದ್ದೀಯಾ’ ಅಂದರೆ ‘ಇಲ್ಲಿದ್ದೀನಿ’ ಅಂತಾನೆ. ಅದು ಮುಂದಿನ ಮೆಟ್ಟಿಲು. ಮೂರು ವರ್ಷದವರಿಗೆ ಅಡಗುವ ಆಟದ ಗುಟ್ಟು ಕಾಪಾಡಲು ಇನ್ನೂ ಬರುವುದಿಲ್ಲ, ಎದುರಿನವರ ತಲೆಯಲ್ಲಿ ಏನಿದೆ ಅನ್ನುವುದರ ಅರಿವು ಬರುತ್ತಿದ್ದ ಹಾಗೆ ಅದೂ ಬರುತ್ತದೆ. ಇಷ್ಟೆಲ್ಲ ಆಡಿಸಿದರೆ ಐದರ ಬದಲು ನಾಲ್ಕಕ್ಕೇ ಕಲಿಯುತ್ತಾನೆ ಅಂತ ನಾನು ಭರವಸೆ ಕೊಡುವುದಿಲ್ಲ. ಆಟ ಚೆನ್ನಾಗಿರುತ್ತದೆ.

ಗದರಿಸಿ, ಕೈ ಎಳೆದು ತೆಗೆದು ‘ನನ್ನ ಮುಖ ನೋಡಿ ಹೇಳು’ ಅನ್ನುವುದು ಮೂರನೇ ದಾರಿ. ಇದರಲ್ಲಿ ನಷ್ಟವೇ ಜಾಸ್ತಿ. ಸಕ್ಕರೆ ತಿನ್ನಬಾರದು ಅನ್ನುವ ಮಾತು ಅವನಿಗೆ ಹೋಗಬೇಕಿತ್ತು, ಅದರ ಬದಲು ಕಣ್ಣಿನ ಜಗಳ ಶುರುವಾಗುತ್ತದೆ. ಕಣ್ಣು ಮುಚ್ಚಿಕೊಂಡೇ ಇರಲಿ ಬಿಡಿ. ಕಿವಿ ತೆರೆದಿದೆ. ಹತ್ತಿರ ಕೂತು, ಬೆನ್ನ ಮೇಲೆ ಕೈಯಿಟ್ಟು, ‘ಸಕ್ಕರೆ ಊಟ ಆದ್ಮೇಲೆ ಒಂದು ಚಮಚ, ಈಗ ಡಬ್ಬ ಮುಚ್ಚೋಣ’ ಅನ್ನಿ. ಕೈ ತಾನಾಗಿ ಇಳಿಯುತ್ತದೆ.

ಒಂದೇ ಒಂದು ಕಡೆ ಮಾತ್ರ ಇದನ್ನು ಆಟ ಅಂತ ಬಿಡಬೇಡಿ, ಅದು ಗಾಡಿ ಓಡಾಡುವ ಜಾಗ. ನೋಟ ಅಂದರೆ ಎರಡೂ ಕಡೆಯದು ಅನ್ನುವ ಮಗು ಅದನ್ನು ತಿರುಗಿಸಿಯೂ ಬಳಸುತ್ತದೆ. ‘ನಂಗೆ ಕಾರು ಕಾಣ್ತಿದೆ, ಅಂದ್ರೆ ಕಾರಿನ ಮಾಮಂಗೆ ನಾನೂ ಕಾಣ್ತೀನಿ’ ಅಂದುಕೊಳ್ಳುತ್ತದೆ. ಹಿಂದಕ್ಕೆ ಬರುವ ಕಾರಿನ ಹಿಂಬದಿಯಲ್ಲಿ ನಿಂತ ಮೂರಡಿ ಎತ್ತರದ ಮಗು ಡ್ರೈವರ್‌ಗೆ ಕಾಣದೇ ಇರಬಹುದು. ಹೆದರಿದರೆ ಓಡುವ ಬದಲು ಅಲ್ಲೇ ನಿಂತು ಕಣ್ಣು ಮುಚ್ಚಿಕೊಳ್ಳಲೂಬಹುದು. ‘ಹುಷಾರು, ಗಾಡಿ ನೋಡ್ಕೊಂಡು ಹೋಗು’ ಅನ್ನುವ ಬುದ್ಧಿಮಾತು ಇಲ್ಲಿ ಉಪಯೋಗಕ್ಕೆ ಬಾರದು. ಅವನು ನೋಡಿಯೇ ನಿಂತಿರುತ್ತಾನೆ.

ಆದ್ದರಿಂದ ಗೇಟು ದಾಟಿದ ಕೂಡಲೇ ಕೈ ಹಿಡಿಯುವುದು ನಿಮ್ಮ ಕೆಲಸ, ಅವನ ತಿಳಿವಳಿಕೆಗೆ ಬಿಡುವ ವಿಷಯವಲ್ಲ. ಮನೆಯಲ್ಲಿ ಕಾರಿದ್ದರೆ, ಗಾಡಿ ತೆಗೆಯುವ ಮುಂಚೆ ಮಗುವನ್ನು ಒಬ್ಬರು ಎತ್ತಿಕೊಂಡು ಮೆಟ್ಟಿಲ ಮೇಲೆ ನಿಲ್ಲಬೇಕು, ಅವರನ್ನು ಕಣ್ಣಾರೆ ನೋಡಿದ ಮೇಲೇ ಯಜಮಾನರು ರಿವರ್ಸ್ ಹಾಕಬೇಕು. ಒಂದು ಭಾನುವಾರ, ಗಾಡಿ ನಿಂತಿದ್ದಾಗ, ಅವನನ್ನು ಡ್ರೈವರ್ ಸೀಟಿನಲ್ಲಿ ಅಪ್ಪನ ತೊಡೆಯ ಮೇಲೆ ಕೂರಿಸಿ, ಆನೆ ಗೊಂಬೆಯನ್ನು ಕಾರಿನ ಹಿಂದೆ ನೆಲದ ಮೇಲೆ ಇಟ್ಟು ಬನ್ನಿ. ಕನ್ನಡಿಯಲ್ಲಿ ಆನೆ ಎಲ್ಲಿ ಅಂತ ಅವನೇ ಹುಡುಕಲಿ.